ಮಾರ್ಗಸೂಚಿ ದರ, ಮಾರುಕಟ್ಟೆ ದರ: ನಿವೇಶನದ ಚದರ ಅಡಿ ಬೆಲೆಯನ್ನು ಅಳೆಯುವುದು

ಒಂದೇ ನಿವೇಶನಕ್ಕೆ ಕರ್ನಾಟಕದಲ್ಲಿ ಎರಡು ದರಗಳಿರುತ್ತವೆ. ಒಂದು, ನೋಂದಣಿ ಮತ್ತು ಮುದ್ರಾಂಕ ಇಲಾಖೆ ಪ್ರಕಟಿಸುವ ಮಾರ್ಗಸೂಚಿ ದರ. ಇನ್ನೊಂದು, ಕೊಳ್ಳುವವರೂ ಮಾರುವವರೂ ಕುಳಿತು ಒಪ್ಪಿಕೊಳ್ಳುವ ಮಾರುಕಟ್ಟೆ ದರ. ಮೊದಲನೆಯದು ತೆರಿಗೆಗಾಗಿ ಹಾಕಿದ ತಳಮಟ್ಟ. ಸೈಟು ಎಷ್ಟು ಬೆಲೆ ಬಾಳುತ್ತದೆ ಎಂಬುದರ ಬಗ್ಗೆ ಅದು ಸರ್ಕಾರ ಕೊಟ್ಟ ತೀರ್ಪಲ್ಲ.

ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ ಅಡಿಯಲ್ಲಿ ರಚನೆಯಾದ ಕೇಂದ್ರ ಮೌಲ್ಯಮಾಪನ ಸಮಿತಿ ಈ ದರಗಳನ್ನು ನಿಗದಿಪಡಿಸುತ್ತದೆ. ತಾಲ್ಲೂಕು ಮಟ್ಟದ ಉಪಸಮಿತಿಗಳು ಅದಕ್ಕೆ ನೆರವಾಗುತ್ತವೆ. ಬಡಾವಣೆ, ರಸ್ತೆ ಮತ್ತು ಗ್ರಾಮವಾರು ಪಟ್ಟಿ ಸಿದ್ಧವಾಗುತ್ತದೆ. ರಾಜ್ಯದಾದ್ಯಂತ ಈಚಿನ ದೊಡ್ಡ ಪರಿಷ್ಕರಣೆ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಂದು. ಪರಿಷ್ಕರಣೆ ವರ್ಷಗಟ್ಟಲೆ ತಡವಾಗುವುದುಂಟು, ಆ ಅವಧಿಯಲ್ಲಿ ಮಾರುಕಟ್ಟೆ ಮುಂದೆ ಓಡಿರುತ್ತದೆ. ಹಾಗಾಗಿ ‘ಮುಂದಿನ ವರ್ಷ ಸರ್ಕಾರಿ ದರ ಏರುತ್ತದೆ, ಸೈಟಿನ ಬೆಲೆಯೂ ಏರುತ್ತದೆ’ ಎಂಬ ಬ್ರೋಕರ್ ಮಾತಿನಲ್ಲಿ ಹುರುಳಿಲ್ಲ. ಸರ್ಕಾರಿ ದರ ಮಾರುಕಟ್ಟೆಯ ಹಿಂದೆ ಬರುತ್ತದೆ. ಅದು ಏರಿದಾಗ ಖಚಿತವಾಗಿ ಹೆಚ್ಚುವುದು ನೋಂದಣಿಯ ಖರ್ಚು.

ಪಟ್ಟಿಯನ್ನು ಓದುವಾಗ ಮೊದಲು ಎಡವುವುದು ಅಳತೆಯಲ್ಲಿ. ನಿವೇಶನಗಳ ಮಾರ್ಗಸೂಚಿ ದರ ಚದರ ಮೀಟರಿಗೆ ಇರುತ್ತದೆ, ವ್ಯಾಪಾರದ ಮಾತು ಚದರ ಅಡಿಯಲ್ಲಿ ನಡೆಯುತ್ತದೆ. ಒಂದು ಚದರ ಮೀಟರ್ ಎಂದರೆ 10.764 ಚದರ ಅಡಿ. ಪಟ್ಟಿಯ ಅಂಕಿಯನ್ನು ಇದರಿಂದ ಭಾಗಿಸಿದ ಮೇಲಷ್ಟೇ ಎರಡು ದರಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯ. ಜೊತೆಗೆ, ಪಟ್ಟಿಯ ವಿಶೇಷ ಸೂಚನೆಗಳನ್ನೂ ಬಿಡದೆ ಓದಬೇಕು. ಮೂಲೆ ನಿವೇಶನ, ವಾಣಿಜ್ಯ ಬಳಕೆ ಇತ್ಯಾದಿಗಳಿಗೆ ಮೂಲ ದರದ ಮೇಲೆ ಎಷ್ಟು ಸೇರಿಸಬೇಕು ಎಂಬುದು ಅಲ್ಲಿರುತ್ತದೆ.

ಮೈಸೂರಿನ ಅಂಚಿನ ಅನುಮೋದಿತ ಬಡಾವಣೆಯೊಂದರಲ್ಲಿ 30×40 ಅಡಿಯ ನಿವೇಶನ ಮಾರಾಟಕ್ಕಿದೆ ಎಂದು ಊಹಿಸಿಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ. ವಿಸ್ತೀರ್ಣ 1,200 ಚದರ ಅಡಿ, ಅಂದರೆ 111.48 ಚದರ ಮೀಟರ್. ಮಾರ್ಗಸೂಚಿ ದರ ಚದರ ಮೀಟರಿಗೆ 18,000 ರೂಪಾಯಿ ಎಂದಿದ್ದರೆ ಚದರ ಅಡಿಗೆ ಸುಮಾರು 1,672 ರೂಪಾಯಿ ಬೀಳುತ್ತದೆ. ಇಡೀ ನಿವೇಶನದ ಸರ್ಕಾರಿ ಮೌಲ್ಯ 20.07 ಲಕ್ಷ. ಮಾಲೀಕರು ಕೇಳುತ್ತಿರುವುದು ಚದರ ಅಡಿಗೆ 4,000, ಒಟ್ಟು 48 ಲಕ್ಷ. ಸರ್ಕಾರಿ ಮೌಲ್ಯದ 2.4 ಪಟ್ಟು.

ಈ ಅಂತರ ನೋಡಿದೊಡನೆ ಬೆಲೆ ಹೆಚ್ಚಾಯಿತು ಎನ್ನುವಂತಿಲ್ಲ. ಅದೇ ಬಡಾವಣೆಯ ಬೇರೆ ನಿವೇಶನಗಳು ಸರ್ಕಾರಿ ದರದ ಎಷ್ಟು ಪಟ್ಟಿಗೆ ಮಾರಾಟವಾಗಿವೆ ಎಂಬುದನ್ನು ತಿಳಿಯಬೇಕು. ಇದಕ್ಕೆ ನೆರವಾಗುವುದು ಋಣಭಾರ ಪತ್ರ, ಜನರ ಬಾಯಲ್ಲಿ ‘ಇಸಿ’. ಅಕ್ಕಪಕ್ಕದ ನಿವೇಶನಗಳ ಸಂಖ್ಯೆ ಗೊತ್ತಿದ್ದರೆ ಅವುಗಳ ಇಸಿಗೂ ಅರ್ಜಿ ಹಾಕಬಹುದು. ಮಾರಾಟದ ದಿನಾಂಕ, ಕ್ರಯದ ಮೊತ್ತ, ಸರ್ಕಾರಿ ಮೌಲ್ಯ ಮೂರೂ ಅದರಲ್ಲಿ ಕಾಣುತ್ತವೆ.

ಆದರೆ ಇಸಿಯ ಎಲ್ಲ ಮೊತ್ತವೂ ನಂಬಲರ್ಹವಲ್ಲ. ಕ್ರಯದ ಮೊತ್ತ ಸರ್ಕಾರಿ ಮೌಲ್ಯಕ್ಕೆ ಸರಿಯಾಗಿ, ಅಥವಾ ಕೂದಲೆಳೆಯಷ್ಟು ಮೇಲೆ ನಿಂತಿದ್ದರೆ ಉಳಿದ ಹಣ ನಗದಿನಲ್ಲಿ ಕೈ ಬದಲಾಯಿಸಿರುವ ಸಾಧ್ಯತೆ ಬಲವಾಗಿರುತ್ತದೆ. ಅಂಥ ಕ್ರಯವನ್ನು ಹೋಲಿಕೆಯಿಂದ ಕೈಬಿಡುವುದೇ ಒಳ್ಳೆಯದು. ಮೊತ್ತ ಸರ್ಕಾರಿ ಮೌಲ್ಯಕ್ಕಿಂತ ಬಹಳ ಮೇಲಿದ್ದು, ಅದರ ಬೆನ್ನಿಗೇ ಬ್ಯಾಂಕಿನ ಹೆಸರಿಗೆ ಅಡಮಾನವೂ ದಾಖಲಾಗಿದ್ದರೆ ಆ ಕ್ರಯಕ್ಕೆ ಹೆಚ್ಚು ತೂಕ ಕೊಡಬಹುದು. ಬ್ಯಾಂಕು ತನ್ನ ಮೌಲ್ಯಮಾಪಕರಿಂದ ಜಾಗ ನೋಡಿಸಿಯೇ ಸಾಲ ಕೊಟ್ಟಿರುತ್ತದೆ. ಈ ಉದಾಹರಣೆಯಲ್ಲಿ, ಕಳೆದ ಒಂದು ವರ್ಷದ ಅಂಥ ಮೂರು ಕ್ರಯಗಳು ಚದರ ಅಡಿಗೆ 3,400ರಿಂದ 3,600ರ ಒಳಗೆ ಸಿಕ್ಕವು ಎಂದಿಟ್ಟುಕೊಳ್ಳೋಣ. ಸರ್ಕಾರಿ ದರದ ಸುಮಾರು 2.1 ಪಟ್ಟು. ಮೂಲೆ ಸೈಟು, ಅಗಲ ರಸ್ತೆ ಮುಂತಾದ ಅನುಕೂಲಗಳಿಲ್ಲದೆ 4,000 ಕೇಳಿದರೆ ಆಗ ಅದು ಹೆಚ್ಚಿನ ಬೆಲೆ.

ಪಟ್ಟಿಯಲ್ಲಿ ಅಕ್ಕಪಕ್ಕದ ಬಡಾವಣೆಗಳ ದರವನ್ನು ಹೋಲಿಸಿ ನೋಡುವುದೂ ಉಪಯುಕ್ತ. ಅನುಮೋದಿತ ಬಡಾವಣೆಗೆ 18,000 ಇದ್ದು ಪಕ್ಕದ ಕಂದಾಯ ನಿವೇಶನಗಳಿಗೆ 11,000 ಇದೆ ಎಂದರೆ, ಎರಡಕ್ಕೂ ಒಂದೇ ಬೆಲೆ ಕೇಳುವ ಮಾಲೀಕರನ್ನು ಕಾರಣ ಕೇಳಲೇಬೇಕು. ಆದರೆ ಪಟ್ಟಿಯಲ್ಲಿ ದರ ನಮೂದಾಗಿದೆ ಎಂಬ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಇದೆ ಎಂದಾಗಲೀ ಖಾತೆ ಸರಿಯಿದೆ ಎಂದಾಗಲೀ ಅರ್ಥವಲ್ಲ. ಅವನ್ನು ಬೇರೆಯಾಗಿಯೇ ಪರಿಶೀಲಿಸಬೇಕು.

ಬೆಲೆ ಕುದುರಿದ ಮೇಲೆ ಕ್ರಯಪತ್ರದಲ್ಲಿ ಯಾವ ಮೊತ್ತ ಬರೆಯಬೇಕು ಎಂಬ ಪ್ರಶ್ನೆ ಏಳುತ್ತದೆ. ಒಪ್ಪಿದ ಬೆಲೆ ಮತ್ತು ಸರ್ಕಾರಿ ಮೌಲ್ಯ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ ಲೆಕ್ಕ ಹಾಕಲಾಗುತ್ತದೆ. ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಸೆಸ್ ಮತ್ತು ಅಧಿಭಾರ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6. ಮಾಲೀಕರು ಕೇಳಿದ 48 ಲಕ್ಷಕ್ಕೇ ವ್ಯವಹಾರ ಕುದುರಿದರೆ ಖರ್ಚು 3.65 ಲಕ್ಷ. ಬರೇ 20.07 ಲಕ್ಷಕ್ಕೆ ಬರೆಸಿದರೆ 1.53 ಲಕ್ಷ. ಸುಮಾರು 2.12 ಲಕ್ಷ ಉಳಿಯಿತು ಎಂದು ಕೊಳ್ಳುವವರಿಗೆ ತೋರುತ್ತದೆ.

ಆ ಉಳಿತಾಯ ಕೈಯಲ್ಲಿ ನಿಲ್ಲುವುದಿಲ್ಲ. ಬ್ಯಾಂಕು ಸಾಲ ಕೊಡುವಾಗ ಪತ್ರದ ಬೆಲೆಯನ್ನೂ ಮೌಲ್ಯಮಾಪಕರ ಬೆಲೆಯನ್ನೂ ನೋಡಿ ಕಡಿಮೆಯಿರುವುದನ್ನು ಹಿಡಿಯುವುದರಿಂದ, ಸಾಲ 20 ಲಕ್ಷದ ಮೇಲಷ್ಟೇ ಸಿಗುತ್ತದೆ, ಉಳಿದ 28 ಲಕ್ಷವನ್ನು ನಗದಾಗಿ ಹೊಂದಿಸಬೇಕಾಗುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಮುಂಗಡವನ್ನು ನಗದಾಗಿ ಪಡೆಯುವುದನ್ನೇ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಕೆಲವು ವರ್ಷಗಳ ಬಳಿಕ ಆ ನಿವೇಶನವನ್ನು ಪೂರ್ತಿ ಲೆಕ್ಕದಲ್ಲೇ 60 ಲಕ್ಷಕ್ಕೆ ಮಾರಿದರೆ, ನಿಜವಾದ ಲಾಭ 12 ಲಕ್ಷವಾದರೂ ಕಾಗದದ ಪ್ರಕಾರ ಅದು 40 ಲಕ್ಷ. ಹೆಚ್ಚುವರಿ 28 ಲಕ್ಷದ ಮೇಲೆ ಶೇ 12.5ರಂತೆ, ಸೆಸ್ ಬಿಟ್ಟು, 3.5 ಲಕ್ಷ ತೆರಿಗೆ ಕಟ್ಟಬೇಕು. ಮೊದಲು ಉಳಿದದ್ದಕ್ಕಿಂತ ಇದು ಹೆಚ್ಚು. ವ್ಯಾಜ್ಯ ಬಂದು ಹಣ ವಾಪಸ್ ಕೇಳುವ ಸಂದರ್ಭ ಒದಗಿದರೆ ಪತ್ರದಲ್ಲಿ ಇಲ್ಲದ 28 ಲಕ್ಷವನ್ನು ರುಜುವಾತುಪಡಿಸುವುದು ಬಹಳ ಕಷ್ಟ.

ಇದರ ತಿರುವುಮುರುವಾದ ಸ್ಥಿತಿಯೂ ಇದೆ: ಮಾರುಕಟ್ಟೆ ದರವೇ ಸರ್ಕಾರಿ ದರಕ್ಕಿಂತ ಕಡಿಮೆ. ಪಟ್ಟಿ ಇಡೀ ಬಡಾವಣೆಗೆ ಒಂದು ದರ ಹಾಕುತ್ತದೆ. ನಿವೇಶನದ ಮೇಲೆ ಹಾದುಹೋದ ಹೈಟೆನ್ಷನ್ ತಂತಿ, ಮಳೆಗಾಲದಲ್ಲಿ ನಿಲ್ಲುವ ನೀರು, ಸೊಟ್ಟ ಆಕಾರ ಇವೊಂದೂ ಅದಕ್ಕೆ ತಿಳಿಯದು. ಅಂಥ ನಿವೇಶನ 17 ಲಕ್ಷಕ್ಕೆ ಕುದುರಿದರೂ ಶುಲ್ಕ 20.07 ಲಕ್ಷದ ಮೇಲೆಯೇ ಬೀಳುತ್ತದೆ. ಆದಾಯ ತೆರಿಗೆಯಲ್ಲಿ ಒಪ್ಪಿದ ಬೆಲೆಯ ಶೇ 10ರವರೆಗಿನ ವ್ಯತ್ಯಾಸಕ್ಕೆ ರಿಯಾಯಿತಿ ಇದೆ, ಇಲ್ಲಿ ಅದು 1.7 ಲಕ್ಷ. ನಿಜವಾದ ಅಂತರ 3.07 ಲಕ್ಷವಾದ್ದರಿಂದ ಅಷ್ಟೂ ಮೊತ್ತ ಕೊಳ್ಳುವವರ ಆದಾಯವೆಂದು ಎಣಿಸಲ್ಪಡುತ್ತದೆ. ಮಾರುವವರ ಲಾಭವನ್ನೂ 20.07 ಲಕ್ಷದಿಂದಲೇ ಲೆಕ್ಕ ಹಾಕಲಾಗುತ್ತದೆ.

ಇದನ್ನು ಪ್ರಶ್ನಿಸಲು ದಾರಿಯುಂಟು. ಮುದ್ರಾಂಕ ಕಾಯ್ದೆಯ 45ಎ ಕಲಮಿನಡಿ ಪ್ರಕರಣ ಜಿಲ್ಲಾ ನೋಂದಣಾಧಿಕಾರಿಗೆ ಹೋದರೆ ಅವರು ವಿಚಾರಣೆ ನಡೆಸಿ ನೈಜ ಮೌಲ್ಯ ನಿರ್ಧರಿಸುತ್ತಾರೆ. ಆದಾಯ ತೆರಿಗೆಯಲ್ಲೂ ಆಕ್ಷೇಪಿಸಿ ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಒಪ್ಪಿಸುವಂತೆ ಕೋರಬಹುದು. ಮಾರ್ಗಸೂಚಿ ಮೌಲ್ಯ ಮೇಲ್ನೋಟದ ಆಧಾರ ಮಾತ್ರ, ಅದೇ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಆರ್. ಸಾಯಿ ಭಾರತಿ ವಿರುದ್ಧ ಜೆ. ಜಯಲಲಿತಾ ಪ್ರಕರಣದಲ್ಲೂ ಹೇಳಿದೆ. ಹೀಗೆ ಆಕ್ಷೇಪಿಸುವವರು ನಿವೇಶನದ ಫೋಟೊ, ತಂತಿಯ ಅಂತರ ತೋರಿಸುವ ನಕ್ಷೆ, ನೋಂದಾಯಿತ ಮೌಲ್ಯಮಾಪಕರ ವರದಿ ಮತ್ತು ಅಕ್ಕಪಕ್ಕದ ಕ್ರಯಪತ್ರಗಳ ದೃಢೀಕೃತ ನಕಲುಗಳನ್ನು ನೋಂದಣಿಗೆ ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬೇಕಾಗುತ್ತದೆ.