ಪಟ್ಟಿ ಒಂದೇ, ಎಣ್ಣೆ ಎರಡು ಸಲ

ಮದುವೆಯ ಸಾಮಾನು ಪಟ್ಟಿಯನ್ನು ಅಡಿಗೆ ಭಟ್ಟರು ವಾಟ್ಸಾಪಿನಲ್ಲಿ ಹುಡುಗಿಯ ಸೋದರಮಾವನಿಗೆ ಕಳಿಸುತ್ತಾರೆ. ಮಾವ ಅದನ್ನೇ ಫಾರ್ವರ್ಡ್ ಮಾಡಿದರೆ ಕೆಲಸ ಮುಗಿಯಿತು. ಆದರೆ ಮಾವಂದಿರು ಹಾಗೆ ಮಾಡುವುದಿಲ್ಲ, ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಉದ್ದದ ಪಟ್ಟಿ ಒಂದು ಪರದೆಗೆ ಹಿಡಿಸದೆ ಮೂರು ಚಿತ್ರಗಳಾಗುತ್ತವೆ. ಇಡೀ ಪುಟವನ್ನು ಒಂದೇ ಉದ್ದ ಚಿತ್ರವಾಗಿ ಹಿಡಿಯುವ ಸೌಲಭ್ಯ 2021ರ ಆಂಡ್ರಾಯ್ಡ್ 12ರಿಂದ ಫೋನಿನೊಳಗೇ ಇದೆ. ಅದು ಎಲ್ಲ ಆ್ಯಪ್‌ಗಳಲ್ಲೂ ನಡೆಯುವುದಿಲ್ಲ, ನಡೆಯುವಲ್ಲೂ ಬಹಳ ಮಂದಿಗೆ ಗೊತ್ತಿಲ್ಲ.

ಏನೂ ತಪ್ಪಿಹೋಗಬಾರದೆಂದು ಮಾವ ಪ್ರತಿ ಸಲವೂ ಹಿಂದಿನ ಚಿತ್ರದ ಮೂರು ನಾಲ್ಕು ಸಾಲು ಉಳಿಯುವಷ್ಟೇ ಪರದೆ ಸರಿಸಿರುತ್ತಾರೆ. ಅದು ಒಳ್ಳೆಯದೇ. ತೊಂದರೆ ಬರುವುದು ಆ ಚಿತ್ರಗಳನ್ನು ಗೂಗಲ್ ಲೆನ್ಸ್‌ನಂಥದ್ದರಲ್ಲಿ ಓದಿಸಿ, ಬಂದ ಪಠ್ಯವನ್ನು ಒಂದರ ಕೆಳಗೊಂದು ಅಂಟಿಸಿದಾಗ. ಮೊದಲ ತುಂಡು ಹೀಗೆ ಮುಗಿಯುತ್ತದೆ ಎನ್ನೋಣ:

ತೆಂಗಿನಕಾಯಿ 60
ತುಪ್ಪ 8 ಕೆಜಿ
ಎಣ್ಣೆ 2 ಟಿನ್

ಎರಡನೆಯದು ಹೀಗೆ ಶುರುವಾಗುತ್ತದೆ:

ತೆಂಗಿನಕಾಯಿ 80
ತುವ್ಪ 8 ಕೆಜಿ
ಎಣ್ಣೆ 2 ಟಿನ್
ಉಪ್ಪು 2 ಕೆಜಿ

ಹೀಗೇ ಅಂಗಡಿಗೆ ಕೊಟ್ಟರೆ ಎಣ್ಣೆ ನಾಲ್ಕು ಟಿನ್ ಬರುತ್ತದೆ.

ಎಕ್ಸೆಲ್‌ಗೆ ಹಾಕಿ Remove Duplicates ಒತ್ತಿದರಾಯಿತು ಎಂದು ಅನ್ನಿಸುವುದು ಸಹಜ. ಅದು ಇಡೀ ಪಟ್ಟಿಯಲ್ಲಿ ಎಲ್ಲಿ ಮರುಕಳಿಸಿದರೂ ಸಾಲನ್ನು ಕಿತ್ತುಹಾಕುತ್ತದೆ. ಭಟ್ಟರ ಪಟ್ಟಿಯಲ್ಲೋ ಬೆಳಗಿನ ತಿಂಡಿಗೊಂದು ‘ಉಪ್ಪು 2 ಕೆಜಿ’, ಮಧ್ಯಾಹ್ನದ ಊಟಕ್ಕೊಂದು ‘ಉಪ್ಪು 2 ಕೆಜಿ’ ಇರುತ್ತದೆ. ಎರಡೂ ಬೇಕಾದವೇ. ಮೇಲಾಗಿ ‘ತುಪ್ಪ’ ಒಂದು ಕಡೆ ‘ತುವ್ಪ’ ಆಗಿರುವುದರಿಂದ ನಿಜವಾದ ನಕಲು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಹೋಗಬೇಕಾದದ್ದು ಉಳಿದು, ಉಳಿಯಬೇಕಾದದ್ದು ಹೋಗುತ್ತದೆ.

ಹಾಗಾಗಿ ಹುಡುಕಾಟ ಬೆಸುಗೆಯ ಜಾಗಕ್ಕೆ ಮಾತ್ರ ಸೀಮಿತವಾಗಬೇಕು. ಮೊದಲು ಪ್ರತಿ ಚಿತ್ರದ ತಲೆಯಲ್ಲಿ ಬರುವ ಗಡಿಯಾರ, ಬ್ಯಾಟರಿ, ಮಾವನ ಹೆಸರಿನ ಪಟ್ಟಿ, ಬುಡದಲ್ಲಿರುವ ಟೈಪ್ ಮಾಡುವ ಡಬ್ಬಿ, ಇವನ್ನೆಲ್ಲ ಕತ್ತರಿಸಬೇಕು. ಇವು ನಡುವೆ ಕೂತಿದ್ದರೆ ಮುಂದಿನ ಹೋಲಿಕೆ ಕೂಡುವುದೇ ಇಲ್ಲ. ಅಂಚಿನಲ್ಲಿ ಅರ್ಧ ಕಾಣುವ ಸಾಲನ್ನೂ ಬಿಡಬೇಕು. ಒತ್ತು, ದೀರ್ಘಗಳು ಕತ್ತರಿಸಿಹೋದ ಕನ್ನಡ ಅಕ್ಷರವನ್ನು ಯಂತ್ರ ಏನೆಂದಾದರೂ ಓದೀತು. ಆಮೇಲೆ ಮೊದಲ ತುಂಡಿನ ಕೊನೆಯ ಎಷ್ಟು ಸಾಲುಗಳು ಅದೇ ಕ್ರಮದಲ್ಲಿ ಎರಡನೆಯದರ ಮೊದಲ ಸಾಲುಗಳಾಗಿವೆ ಎಂದು ನೋಡಬೇಕು. ಸಿಕ್ಕವುಗಳಲ್ಲಿ ಅತಿ ಉದ್ದದ ಹೊಂದಿಕೆಯನ್ನು ಆರಿಸಿ, ಎರಡನೆಯ ತುಂಡಿನಿಂದ ಅಷ್ಟನ್ನು ತೆಗೆದರೆ ಸಾಕು.

ಇಲ್ಲಿ ‘ಅದೇ’ ಎಂದರೆ ಅಕ್ಷರಶಃ ಅದೇ ಅಲ್ಲ. ‘ಪ’ವನ್ನು ‘ವ’ ಎಂದು ಓದುವುದು ಯಂತ್ರಕ್ಕೆ ಮಾಮೂಲಿ. ಒಂದು ಸಾಲನ್ನು ಇನ್ನೊಂದಾಗಿಸಲು ಎಷ್ಟು ಸಂಕೇತ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂದು ಎಣಿಸುವ ಅಳತೆಯೊಂದಿದೆ. ರಷ್ಯದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟದ್ದು. ‘ತುಪ್ಪ’ ಮತ್ತು ‘ತುವ್ಪ’ದ ನಡುವಿನ ಅಂತರ ಒಂದೇ ಒಂದು. ಆದರೆ ಈ ಸಡಿಲಿಕೆಗೂ ಮಿತಿ ಇದೆ. ‘ಉಪ್ಪು 2 ಕೆಜಿ’ಗೂ ‘ತುಪ್ಪ 2 ಕೆಜಿ’ಗೂ ಇರುವುದು ಹನ್ನೆರಡು ಸಂಕೇತಗಳಲ್ಲಿ ಮೂರರ ಅಂತರ ಅಷ್ಟೇ. ಒಂದೇ ಸಾಲಿನ ಹೋಲಿಕೆಯನ್ನು ನಂಬಿದರೆ ಉಪ್ಪಿನ ಜಾಗದಲ್ಲಿ ತುಪ್ಪ ಬಂದು ಕೂರಬಹುದು. ಒಂದರ ಹಿಂದೊಂದು ಮೂರು ಸಾಲು ಹೊಂದಿದರೆ ಮಾತ್ರ ಒಪ್ಪುವುದು ಕ್ಷೇಮ.

ಇನ್ನು ಆ ತೆಂಗಿನಕಾಯಿ. 60ಕ್ಕೂ 80ಕ್ಕೂ ಇರುವುದು ಒಂದೇ ಸಂಕೇತದ ಅಂತರ, ಆದ್ದರಿಂದ ಸಡಿಲ ಹೋಲಿಕೆ ಇವೆರಡೂ ಒಂದೇ ಸಾಲೆಂದು ಸರಿಯಾಗಿಯೇ ಹೇಳುತ್ತದೆ. ಆದರೆ ಯಾವ ಅಂಕಿ ನಿಜವೆಂದು ಅದಕ್ಕೆ ಗೊತ್ತಾಗದು. ಎರಡೂ ಚಿತ್ರದಲ್ಲಿ ಬಂದ ಸಾಲನ್ನು ಯಂತ್ರ ಎರಡು ಸಲ ಓದಿರುತ್ತದೆ. ಪಟ್ಟಿಯ ಬೇರೆ ಸಾಲುಗಳಿಗೆ ಈ ಅದೃಷ್ಟವಿಲ್ಲ. ಹಾಗಾಗಿ ನಕಲನ್ನು ಎಸೆಯುವ ಮೊದಲೇ ಅಂಕಿಗಳನ್ನು ಜೋಡಿಸಿ ನೋಡಿ, ವ್ಯತ್ಯಾಸ ಕಂಡರೆ ಚಿತ್ರವನ್ನು ದೊಡ್ಡದು ಮಾಡಿ ಕಣ್ಣಿಂದಲೇ ಓದಬೇಕು. ಇಲ್ಲಿ ಅಂಕಿ ತಪ್ಪಿದ್ದರೆ ಉಳಿದ ಭಾಗದ ಅಂಕಿಗಳನ್ನೂ ಒಮ್ಮೆ ನೋಡಿಬಿಡುವುದು ಒಳ್ಳೆಯದು. ಅದೇ ಯಂತ್ರ ತಾನೇ ಓದಿದ್ದು.

ಹೊಂದಿಕೆ ಸಿಗದೇ ಹೋದಾಗ ಎರಡು ತುಂಡುಗಳನ್ನು ಸುಮ್ಮನೆ ಅಂಟಿಸಬಾರದು. ಮಾವ ಪರದೆಯನ್ನು ಜೋರಾಗಿ ಸರಿಸಿ ನಡುವಿನ ಎರಡು ಸಾಲು ಬಿಟ್ಟಿರಬಹುದು, ಇಲ್ಲವೇ ಚಿತ್ರಗಳನ್ನು ಕ್ರಮ ತಪ್ಪಿಸಿ ಕಳಿಸಿರಬಹುದು. ಎರಡನೆಯದನ್ನು ಪತ್ತೆ ಮಾಡುವುದು ಸುಲಭ: ಮೂರನೆಯ ತುಂಡಿನ ತಲೆಯನ್ನು ಮೊದಲನೆಯದರ ಬಾಲಕ್ಕೆ ಹೋಲಿಸಿ ನೋಡಿದರಾಯಿತು. ಮೊದಲನೆಯದಾದರೆ ‘ಇಲ್ಲಿ ಸಾಲು ಬಿಟ್ಟಿರಬಹುದು’ ಎಂದು ಪಟ್ಟಿಯಲ್ಲೇ ಬರೆದಿಟ್ಟು, ಆ ಭಾಗವನ್ನಷ್ಟೇ ಇನ್ನೊಮ್ಮೆ ಕಳಿಸಿ ಎಂದು ಮಾವನನ್ನು ಕೇಳಬೇಕು. ಫಾರ್ವರ್ಡ್ ಮಾಡುವುದು ಹೇಗೆಂದು ಅದೇ ಫೋನಿನಲ್ಲೇ ಹೇಳಿಕೊಡಲೂಬಹುದು.