ಅರ್ಧ ಅಂಕ ಕಡಮೆಯಾದಾಗ

ಗೋವಿನಕೋವಿಯಂಥ ಊರಿನಿಂದ ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ ದಾದಿಯರ ಶಿಕ್ಷಣ ಮುಗಿಸಿದ ಹುಡುಗಿಯೊಬ್ಬಳು ಬ್ರಿಟನ್ನಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಬೇಕೆಂದು ಇಂಗ್ಲಿಷ್ ಪರೀಕ್ಷೆಗೆ ಕೂತಳೆಂದು ಭಾವಿಸಿಕೊಳ್ಳಿ. ಬೆಂಗಳೂರಿಗೆ ಹೋಗಿ, ಸಾವಿರಾರು ರೂಪಾಯಿ ಶುಲ್ಕ ಕಟ್ಟಿ, ಐಇಎಲ್‌ಟಿಎಸ್ ಪರೀಕ್ಷೆ ಬರೆದು ಬಂದಳು. ಫಲಿತಾಂಶ ಬಂತು: ಕೇಳಿಕೆಯಲ್ಲಿ 7, ಓದಿನಲ್ಲಿ 6.5, ಬರವಣಿಗೆಯಲ್ಲಿ 6.5, ಮಾತಿನಲ್ಲಿ 7. ಮನೆಯಲ್ಲಿ ಒಬ್ಬರು "ಇನ್ನೊಮ್ಮೆ ಕೂತುಬಿಡು" ಎನ್ನುತ್ತಾರೆ, ಇನ್ನೊಬ್ಬರು "ಅಷ್ಟು ದುಡ್ಡು ಹೋಯಿತಲ್ಲ, ಸಾಕು" ಎನ್ನುತ್ತಾರೆ. ಯಾರ ಮಾತು ಸರಿ? ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ಲೆಕ್ಕ ಹಾಕಿದರೆ ಉತ್ತರ ಬಹುಮಟ್ಟಿಗೆ ಸಿಕ್ಕುತ್ತದೆ.

ಮೊದಲು ನೋಡಬೇಕಾದದ್ದು, ನಿಜವಾಗಿ ಎಷ್ಟು ಬೇಕು ಎಂಬುದು. ಬ್ರಿಟನ್ನಿನಲ್ಲಿ ದಾದಿಯರನ್ನು ನೋಂದಾಯಿಸಿಕೊಳ್ಳುವ ಎನ್‌ಎಂಸಿ ಎಂಬ ಮಂಡಲಿಯು ಹಿಂದೆ ನಾಲ್ಕು ಭಾಗಗಳಲ್ಲಿಯೂ 7 ಕೇಳುತ್ತಿತ್ತು. 2018ರಲ್ಲಿ ಬರವಣಿಗೆಗೆ ಮಾತ್ರ 6.5 ಸಾಕೆಂದು ಇಳಿಸಿತು. ಹಳೆಯ ನಿಯಮವನ್ನು ಯಾರೋ ಹೇಳಿದ್ದನ್ನು ನಂಬಿ ಬರವಣಿಗೆಗಾಗಿ ಮರಳಿ ಪರೀಕ್ಷೆ ಕಟ್ಟುವವರೂ ಇಲ್ಲದಿಲ್ಲ. ನಮ್ಮ ಹುಡುಗಿಗೆ ಬರವಣಿಗೆಯ 6.5 ಸಾಕಾಗಿದೆ. ಅವಳಿಗೆ ಕಡಮೆಯಾದದ್ದು ಓದಿನಲ್ಲಿ ಒಂದು ಅರ್ಧ ಅಂಕ, ಅಷ್ಟೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಅದೇ ಮಂಡಲಿಯು 2023ರ ಫೆಬ್ರುವರಿಯಿಂದ, ಹನ್ನೆರಡು ತಿಂಗಳೊಳಗೆ ಬರೆದ ಎರಡು ಪರೀಕ್ಷೆಗಳ ಅಂಕಗಳನ್ನು ಜೋಡಿಸಲು ಅವಕಾಶ ಕೊಟ್ಟಿದೆ. ಅದಕ್ಕೆ ಮುಂಚೆ ಈ ಅವಧಿ ಆರು ತಿಂಗಳು ಮಾತ್ರವಿತ್ತು. ಎರಡು ಸಲವೂ ನಾಲ್ಕು ಭಾಗಗಳನ್ನೂ ಬರೆಯಬೇಕು. ಯಾವ ಸಲವೂ ಕೇಳಿಕೆ, ಓದು, ಮಾತು 6.5ಕ್ಕಿಂತ ಕೆಳಗಿಳಿಯಬಾರದು, ಬರವಣಿಗೆ 6ಕ್ಕಿಂತ ಕೆಳಗಿಳಿಯಬಾರದು. ಹಾಗಿದ್ದರೆ ಪ್ರತಿ ಭಾಗದಲ್ಲೂ ಎರಡರಲ್ಲಿ ಮೇಲಾದದ್ದನ್ನು ತೆಗೆದುಕೊಳ್ಳಬಹುದು. ಅಂದಮೇಲೆ ನಮ್ಮ ಹುಡುಗಿಯ ಮೊದಲ ಪರೀಕ್ಷೆ ವ್ಯರ್ಥವಾಗಿಲ್ಲ. ಎರಡನೆಯ ಸಲ ಓದಿನಲ್ಲಿ 7 ಬಂದರೆ ಸಾಕು. ಮಾತಿನಲ್ಲಿ ಅರ್ಧ ಅಂಕ ಜಾರಿ 6.5 ಆದರೂ ಕೆಡುವುದಿಲ್ಲ. ಮೊದಲ ಸಲವೇ ಓದಿನಲ್ಲಿ 6 ಬಂದಿದ್ದರೆ ಈ ಜೋಡಣೆ ಆಗುತ್ತಿರಲಿಲ್ಲ, ಎಲ್ಲವನ್ನೂ ಹೊಸದಾಗಿಯೇ ಗೆಲ್ಲಬೇಕಾಗುತ್ತಿತ್ತು. 6.5ಕ್ಕೂ 6ಕ್ಕೂ ನಡುವಣ ವ್ಯತ್ಯಾಸ ಇಲ್ಲಿ ಅಷ್ಟು ದೊಡ್ಡದು.

ಈಗ ಓದಿನ ಆ ಅರ್ಧ ಅಂಕ ಏನೆಂದು ನೋಡೋಣ. ಓದಿನ ಪತ್ರಿಕೆಯಲ್ಲಿ ಮೂರು ಪಾಠಗಳು, ನಲವತ್ತು ಪ್ರಶ್ನೆಗಳು, ಒಂದು ಗಂಟೆಯ ಕಾಲ. ಸುಮಾರು 30 ಉತ್ತರ ಸರಿಯಾದರೆ 7. 27ರಿಂದ 29ರವರೆಗೆ 6.5. ಪತ್ರಿಕೆ ಕಠಿಣವೋ ಸುಲಭವೋ ಎಂಬುದರ ಮೇಲೆ ಈ ಗೆರೆ ಒಂದಿಷ್ಟು ಅತ್ತಿತ್ತ ಸರಿಯುತ್ತದೆ. ಒಂದೋ ಎರಡೋ ಮೂರೋ ಉತ್ತರದ ಕೊರತೆ ಎಂದಾಯಿತು. ಒಂದು ಕಾಗುಣಿತದ ತಪ್ಪು, ಎರಡು ಪದ ಮೀರಬಾರದೆಂದಲ್ಲಿ ಮೂರು ಪದ ಬರೆದದ್ದು, ಇಷ್ಟರಲ್ಲೇ ಅದು ಹೋಗಿರಬಹುದು. ಪರೀಕ್ಷೆ ನಡೆಸುವವರೇ ಹೇಳುವ ಪ್ರಕಾರ, ಒಬ್ಬರೇ ವ್ಯಕ್ತಿ ಒಂದೇ ಶಕ್ತಿಯಿಂದ ಮತ್ತೊಮ್ಮೆ ಬರೆದರೂ ಅಂಕ ಅರ್ಧ ಬ್ಯಾಂಡಿಗೆ ತುಸು ಕಡಮೆ ಅಷ್ಟು ಏರಿಳಿಯುವುದು ಸಹಜ.

ಆದರೆ ಇಲ್ಲಿ ಎಚ್ಚರ ಬೇಕು. ಏರುವ ಸಾಧ್ಯತೆಯಷ್ಟೇ ಇಳಿಯುವ ಸಾಧ್ಯತೆಯೂ ಉಂಟು. ಆದ್ದರಿಂದ "ಎರಡೇ ಉತ್ತರ ತಾನೆ" ಎಂದು ಮರುವಾರವೇ ಹಣ ಕಟ್ಟುವುದು ಚೀಟಿ ಎತ್ತಿದಂತೆ. ಅದು ಕೆಟ್ಟ ದಿನದ ಫಲವೋ, ಅವಳ ನಿಜವಾದ ಮಟ್ಟವೋ ಎಂದು ತಿಳಿಯುವ ಉಪಾಯವೊಂದಿದೆ. ಕೇಂಬ್ರಿಜ್‌ನವರು ಪ್ರಕಟಿಸಿರುವ ಹಳೆಯ ಪ್ರಶ್ನೆಪತ್ರಿಕೆಗಳ ಪುಸ್ತಕ ಸಿಕ್ಕುತ್ತದೆ. ಅವಳು ಹಿಂದೆ ನೋಡಿರದ ಆರು ಪತ್ರಿಕೆಗಳನ್ನು ಬೇರೆ ಬೇರೆ ದಿನ, ಗಡಿಯಾರ ಎದುರಿಗಿಟ್ಟುಕೊಂಡು, ಒಂದು ಗಂಟೆಗೆ ಒಂದು ನಿಮಿಷವೂ ಮೀರದೆ ಬರೆಯಲಿ. ನಡುವೆ ಪದಕೋಶವಿಲ್ಲ, ಕಾಫಿಗೆಂದು ಏಳುವಂತಿಲ್ಲ.

ಆ ಆರು ಪತ್ರಿಕೆಗಳಲ್ಲಿ 27, 29, 28, 30, 27, 29 ಬಂತೆನ್ನಿ. ಸರಾಸರಿ 28ರ ಮೇಲೆ ಸ್ವಲ್ಪ. ಆರರಲ್ಲಿ ಒಮ್ಮೆ ಮಾತ್ರ 30 ಮುಟ್ಟಿದ್ದಾಳೆ. ಪರೀಕ್ಷೆ ಅವಳ ಮಟ್ಟವನ್ನು ಸರಿಯಾಗಿಯೇ ಅಳೆದಿದೆ. ಈಗಲೇ ಮತ್ತೆ ಕೂರುವುದು ಆರರಲ್ಲಿ ಒಂದರ ಆಟ. ಅದರ ಬದಲು 31, 33, 32, 30, 32, 31 ಬಂತೆನ್ನಿ. ಆಗ ಪರೀಕ್ಷೆಯ ದಿನ ಏನೋ ಎಡವಿದೆ. ಕೂಡಲೆ ಮತ್ತೊಮ್ಮೆ ಕೂರುವುದರಲ್ಲಿ ಅರ್ಥವಿದೆ. ಎರಡೂ ಹುಡುಗಿಯರ ಅಂಕಪಟ್ಟಿಯಲ್ಲಿರುವುದು ಅದೇ 6.5. ಪಟ್ಟಿ ನೋಡಿ ಇಬ್ಬರಲ್ಲಿ ಭೇದ ಕಾಣಲಾರಿರಿ.

ಮೊದಲನೆಯ ಹುಡುಗಿ ಏನು ಮಾಡಬೇಕು? ತಪ್ಪಿದ ಉತ್ತರಗಳನ್ನು ಒಟ್ಟಿಗೆ ಹರಡಿ ನೋಡಬೇಕು. ಮೂರನೆಯ ಪಾಠದ ಕಡೆಯ ನಾಲ್ಕೈದು ಪ್ರಶ್ನೆಗಳು ಪ್ರತಿಸಲವೂ ಖಾಲಿ ಉಳಿದಿದ್ದರೆ ಅದು ವೇಗದ ಕೊರತೆ. ಮೊದಲ ಪಾಠದಲ್ಲಿ ಇಪ್ಪತ್ತೈದು ನಿಮಿಷ ಕಳೆಯುತ್ತಿದ್ದಾಳೆ ಎಂದು ಅರ್ಥ. ಇದು ಕೆಲವು ವಾರಗಳಲ್ಲಿ ಸರಿಹೋಗುತ್ತದೆ. 'ಸರಿ, ತಪ್ಪು, ಹೇಳಿಲ್ಲ' ಎಂಬ ಬಗೆಯ ಪ್ರಶ್ನೆಗಳಲ್ಲಿಯೇ ತಪ್ಪು ಬೀಳುತ್ತಿದ್ದರೆ, ಪಾಠ ಹೇಳದೆ ಇರುವುದನ್ನು ಪಾಠ ಅಲ್ಲಗಳೆಯಿತು ಎಂದು ಭಾವಿಸುತ್ತಿದ್ದಾಳೆ. ಇದೂ ಕಲಿತರೆ ಬರುವಂಥದು. ತಪ್ಪುಗಳು ಎಲ್ಲೆಡೆ ಚೆಲ್ಲಿಹೋಗಿದ್ದರೆ ಮಾತ್ರ ಕಷ್ಟ. ಅದು ಪದಸಂಪತ್ತಿನ ಕೊರತೆ, ತಿಂಗಳುಗಟ್ಟಲೆ ಓದಿದರೆ ತುಂಬುವಂಥದು. ಹೇಗೇ ಇರಲಿ, ಹೊಸ ಆರು ಪತ್ರಿಕೆಗಳಲ್ಲಿ ಐದಾದರೂ 30 ದಾಟುವವರೆಗೆ ಹಣ ಕಟ್ಟದಿರುವುದು ಒಳ್ಳೆಯದು. 31 ದಾಟಿದರೆ ಇನ್ನೂ ಮೇಲು, ಮನೆಯ ಮೇಜಿನಲ್ಲಿ ಇಲ್ಲದ ಗಾಬರಿ ಪರೀಕ್ಷೆಯ ಕೋಣೆಯಲ್ಲಿ ಇರುತ್ತದಲ್ಲ.

ಮರುಮೌಲ್ಯಮಾಪನ ಕೇಳಬಹುದಲ್ಲ ಎನ್ನುವಿರಿ. ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಕೇಳಬಹುದು. ಅಂಕ ಬದಲಾದರೆ ಕಟ್ಟಿದ ಶುಲ್ಕ ವಾಪಸು. ಆದರೆ ಓದು ಮತ್ತು ಕೇಳಿಕೆಯ ಉತ್ತರಗಳಿಗೆ ಸಿದ್ಧ ಉತ್ತರಸೂಚಿ ಇರುವುದರಿಂದ ಅಲ್ಲಿ ಬದಲಾವಣೆ ಅಪರೂಪ. ಒಬ್ಬ ಪರೀಕ್ಷಕರು ತಮ್ಮ ತೀರ್ಮಾನದಿಂದ ಅಂಕ ಹಾಕುವ ಬರವಣಿಗೆ ಮತ್ತು ಮಾತಿಗೆ ಈ ದಾರಿ ಹೆಚ್ಚು ಒಪ್ಪುತ್ತದೆ. ಮಿಕ್ಕ ಮೂರರಲ್ಲಿ 7 ಬಂದು ಬರವಣಿಗೆಯಲ್ಲಿ 6 ಬಂದಿದ್ದರೆ, ಮತ್ತೆ ಪರೀಕ್ಷೆ ಕಟ್ಟುವ ಮೊದಲು ಇದನ್ನೇ ಯೋಚಿಸುವೆ. ಕಂಪ್ಯೂಟರಿನಲ್ಲಿ ಬರೆದವರು ಒಂದೇ ಭಾಗವನ್ನು ಅರವತ್ತು ದಿನದೊಳಗೆ ಮರಳಿ ಬರೆಯುವ ಏರ್ಪಾಡೂ ಈಚೆಗೆ ಬಂದಿದೆ. ಅದನ್ನು ಎಲ್ಲ ಸಂಸ್ಥೆಗಳೂ ಒಪ್ಪುವುದಿಲ್ಲ. ಅಂಕ ಸ್ವೀಕರಿಸುವವರನ್ನು ಮೊದಲು ಬರೆದು ಕೇಳಿ, ಉತ್ತರ ಬಂದ ಮೇಲೆ ಹಣ ಕಟ್ಟಿ.

ಕೊನೆಗೆ ಪಂಚಾಂಗ. ಹುಡುಗಿಯ ಮೊದಲ ಪರೀಕ್ಷೆ ಜನವರಿಯಲ್ಲಿ ಆಗಿದ್ದರೆ ಜೋಡಣೆಗೆ ಮುಂದಿನ ಜನವರಿಯವರೆಗೆ ಕಾಲವಿದೆ. ಎರಡು ತಿಂಗಳ ಅಭ್ಯಾಸ, ಆಮೇಲೆ ಆರು ಪತ್ರಿಕೆಗಳ ಪರೀಕ್ಷೆ, ಸಾಲದಿದ್ದರೆ ಇನ್ನೆರಡು ತಿಂಗಳು. ಇಷ್ಟು ನಡೆಸಿಯೂ ದೀಪಾವಳಿಯ ಹೊತ್ತಿಗೆ ಬೆಂಗಳೂರಿನ ಬಸ್ಸು ಹತ್ತಬಹುದು.