ಈ ಅಭಿನಂದನೆ ಯಾವ ತಂಡಕ್ಕೆ?

ಹೊಸ ಆ್ಯಪ್ ಬಿಡುಗಡೆಯಾದ ಸಂಜೆ ತಂಡದವರೆಲ್ಲರಿಗೂ ಮ್ಯಾನೇಜರ್ ಇಮೇಲ್ ಕಳಿಸುತ್ತಾರೆ. ‘ನಿಮ್ಮೆಲ್ಲರ ಅವಿರತ ಶ್ರಮ, ಬದ್ಧತೆ ಮತ್ತು ಒಗ್ಗಟ್ಟಿನಿಂದ ಮಹತ್ವದ ಮೈಲಿಗಲ್ಲು ತಲುಪಿದ್ದೇವೆ. ಎಲ್ಲರಿಗೂ ಅಭಿನಂದನೆಗಳು!’ ಇದರಲ್ಲಿ ತಪ್ಪು ಮಾತು ಒಂದೂ ಇಲ್ಲ. ಆದರೆ ಆ್ಯಪಿನ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿದರೂ ಪತ್ರ ಹಾಗೆಯೇ ನಡೆಯುತ್ತದೆ. ತಿಂಗಳುಗಟ್ಟಲೆ ದುಡಿದವರಿಗೆ ಓದಿದ ಕೂಡಲೇ ಅನಿಸುವುದು ಒಂದೇ: ಬರೆದವರು ನಮ್ಮ ಕೆಲಸ ನೋಡಿಲ್ಲ.

ನೋಡುವುದಕ್ಕೆ ಸಮಯ ಬೇಕು. ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಕಂಪನಿಯನ್ನು 2001ರಿಂದ 2011ರವರೆಗೆ ನಡೆಸಿದ ಡಗ್ಲಸ್ ಕೊನಂಟ್ ದಿನಕ್ಕೆ ಹತ್ತಿಪ್ಪತ್ತರಂತೆ ಸುಮಾರು 30,000 ಮೆಚ್ಚುಗೆಯ ಚೀಟಿಗಳನ್ನು ಉದ್ಯೋಗಿಗಳಿಗೆ ಕೈಯಲ್ಲೇ ಬರೆದರು. ಇಷ್ಟೊಂದು ಬರೆದರೆ ಎಲ್ಲವೂ ಒಂದೇ ಅಚ್ಚಿನವಾಗಬೇಕಿತ್ತು. ಹಾಗಾಗದಂತೆ ತಡೆದದ್ದು ಅವರ ಭಾಷೆಯ ಸೊಗಸಲ್ಲ, ಅದಕ್ಕೂ ಮುಂಚಿನ ಹುಡುಕಾಟ. ಕಂಪನಿಯಲ್ಲಿ ಯಾರು ಯಾವ ಒಳ್ಳೆಯ ಕೆಲಸ ಮಾಡಿದರು ಎಂದು ಅವರೂ ಅವರ ಕಚೇರಿಯವರೂ ಕಣ್ಣಿಟ್ಟು ನೋಡುತ್ತಿದ್ದರು. ಬರೆಯಲು ಕೂರುವ ಹೊತ್ತಿಗೆ ಹೇಳಬೇಕಾದ ಸಂಗತಿ ಕೈಯಲ್ಲೇ ಇರುತ್ತಿತ್ತು.

ಬಿಡುಗಡೆಯ ಇಮೇಲಿಗೂ ಇದೇ ದಾರಿ. ಬೆಂಗಳೂರಿನ ಒಂದು ತಂಡ ಕಿರಾಣಿ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡಿದೆ, ನೆಟ್ ಇಲ್ಲದಿದ್ದರೂ ಅದು ಬಿಲ್ ಹಾಕಬಲ್ಲದು ಎಂದಿಟ್ಟುಕೊಳ್ಳೋಣ. ಮ್ಯಾನೇಜರ್ ಬರೆಯುವ ಮುನ್ನ ಮೂರು ನಾಲ್ಕು ಜನರನ್ನು ಎರಡು ಪ್ರಶ್ನೆ ಕೇಳಬೇಕು. ಬಿಡುಗಡೆ ನಿಂತೇಹೋಗುವಂತಾದದ್ದು ಯಾವಾಗ? ಯಾರ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲ? ‘ಯಾರು ಚೆನ್ನಾಗಿ ಮಾಡಿದರು’ ಎಂದು ಕೇಳಿದರೆ ‘ಎಲ್ಲರೂ ಮಾಡಿದ್ದಾರೆ ಸರ್’ ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಈ ಎರಡು ಪ್ರಶ್ನೆಗಳಿಗೆ ಮಾತ್ರ ಕಥೆಯೇ ಉತ್ತರವಾಗಿ ಬರುತ್ತದೆ. ಅದರ ಮೇಲೆ ಪತ್ರ ಹೀಗಾಗಬಹುದು:

‘ಎಲ್ಲರಿಗೂ ನಮಸ್ಕಾರ. ಇವತ್ತು ಬೆಳಿಗ್ಗೆಯಿಂದ ನಮ್ಮ ಆ್ಯಪ್ ನೆಟ್ ಇಲ್ಲದ ಅಂಗಡಿಯಲ್ಲೂ ಬಿಲ್ ಹಾಕುತ್ತಿದೆ. ಕಳೆದ ತಿಂಗಳು ಸವಿತಾ ಬಿಲ್ಲಿನ ನಡುವೆಯೇ ಫೋನಿನ ನೆಟ್ ಆರಿಸಿ, ಮತ್ತೆ ಹಾಕಿ ನೋಡದಿದ್ದರೆ ಒಂದೇ ಬಿಲ್ ಎರಡು ಸಲ ಲೆಕ್ಕಕ್ಕೆ ಸೇರುವುದು ಗೊತ್ತೇ ಆಗುತ್ತಿರಲಿಲ್ಲ. ಪ್ರತಿ ಬಿಲ್ಲಿಗೂ ಫೋನಿನಲ್ಲೇ ಗುರುತಿನ ಸಂಖ್ಯೆ ಕೊಟ್ಟು ಇಮ್ರಾನ್ ಅದನ್ನು ಸರಿಪಡಿಸಿದರು. ಅದಕ್ಕಾಗಿ ದಿನಾಂಕ ಒಂದು ವಾರ ಮುಂದೆ ಹೋಯಿತು, ಹೋದದ್ದೇ ಒಳ್ಳೆಯದಾಯಿತು. “ಸಿಂಕ್ ವಿಫಲ” ಎಂಬ ಸಂದೇಶ ಕಂಡು ಅಂಗಡಿಯವರು ಗಾಬರಿಯಾಗುತ್ತಾರೆಂದು ಹೇಳಿದವರು ಸಪೋರ್ಟ್ ತಂಡದವರು. ಈಗ ಅಲ್ಲಿ “ಬಿಲ್ ಫೋನಿನಲ್ಲಿ ಭದ್ರವಾಗಿದೆ” ಎಂದು ಬರುತ್ತದೆ. ನಿಮ್ಮೆಲ್ಲರ ಕೆಲಸಕ್ಕೆ ಮನಸಾರೆ ಧನ್ಯವಾದ.’

ಇಲ್ಲಿ ‘ಅದ್ಭುತ’, ‘ಅಸಾಧಾರಣ’ ಎಂಬ ಪದಗಳಿಲ್ಲ, ಬೇಕಾಗಿಯೂ ಇಲ್ಲ. ಆ್ಯಪಿನ ಹೆಸರು ಬದಲಿಸಿದರೆ ಪತ್ರ ಅರ್ಥವನ್ನೇ ಕಳೆದುಕೊಳ್ಳುತ್ತದೆ. ದಿನಾಂಕ ತಪ್ಪಿದ್ದನ್ನು ಮುಚ್ಚಿಡದೆ, ಅದು ಸರಿಯಾದ ತೀರ್ಮಾನವಾಗಿತ್ತು ಎಂದು ಮ್ಯಾನೇಜರ್ ಬರಹದಲ್ಲೇ ಒಪ್ಪಿದ್ದಾರೆ. ಇಡೀ ಪತ್ರದಲ್ಲಿ ತಂಡಕ್ಕೆ ಹೆಚ್ಚು ಬೆಲೆಬಾಳುವುದು ಬಹುಶಃ ಆ ಒಂದು ಸಾಲು. ದೋಷ ಕಂಡುಹಿಡಿದವರಿಗೆ ಎಷ್ಟೋ ಕಡೆ ‘ನಿಮ್ಮಿಂದ ತಡವಾಯಿತು’ ಎಂಬ ಮಾತೇ ಸಿಗುತ್ತದೆ.

ಹೆಸರು ಹಾಕಿದರೆ ಬಿಟ್ಟುಹೋದವರ ನೋವೂ ಜೊತೆಗೇ ಬರುತ್ತದೆ. ಎಲ್ಲರ ಹೆಸರನ್ನೂ ಸಾಲಾಗಿ ಪೋಣಿಸಿದರೆ ಅದು ಹಾಜರಿ ಪುಸ್ತಕವಾಗುತ್ತದೆ. ಪತ್ರದಲ್ಲಿ ಎರಡೋ ಮೂರೋ ಘಟನೆ ಹೇಳಿ, ಉಳಿದವರಿಗೆ ಒಂದೆರಡು ಸಾಲಿನ ಬೇರೆ ಬೇರೆ ಇಮೇಲ್ ಬರೆಯುವುದು ಮೇಲು. ಮೊದಲು ಮರೆತುಹೋಗುವವರು ಗುತ್ತಿಗೆ ಮೇಲೆ ಬಂದವರು ಮತ್ತು ನಡುವೆಯೇ ಬೇರೆ ತಂಡಕ್ಕೆ ಹೋದವರು. ಕೆಲಸ ಶುರುವಾದಾಗಿನ ಟಿಕೆಟ್ ಪಟ್ಟಿ ತೆರೆದರೆ ಅವರ ಹೆಸರು ಅಲ್ಲೇ ಸಿಗುತ್ತದೆ.

ರಾತ್ರಿಯಿಡೀ ಕೂತು ಮುಗಿಸಿದವರನ್ನು ಹೊಗಳುವಾಗಲೂ ಎಚ್ಚರ ಬೇಕು. ನಿದ್ದೆಗೆಟ್ಟದ್ದನ್ನೇ ಮೆಚ್ಚಿದರೆ ಮುಂದಿನ ಸಲ ಅದೇ ನಿರೀಕ್ಷೆಯಾಗುತ್ತದೆ, ಮನೆಯಲ್ಲಿ ಚಿಕ್ಕ ಮಗುವಿದೆ ಎಂದು ಆರು ಗಂಟೆಗೆ ಹೊರಟವರು ಸುಮ್ಮನೆ ಸಣ್ಣವರಾಗುತ್ತಾರೆ. ಆ ರಾತ್ರಿ ಸರಿಯಾದದ್ದು ಏನು ಎಂಬುದನ್ನು ಹೇಳಿದರೆ ಸಾಕು. ಕೊನೆಯಲ್ಲಿ ‘ಈಗ ಮುಂದಿನ ಹಂತದತ್ತ ಗಮನ ಕೊಡೋಣ’ ಎಂದು ಸೇರಿಸುವುದಂತೂ ಬೇಡವೇ ಬೇಡ. ಓದುವವರ ಮನಸ್ಸಿನಲ್ಲಿ ಉಳಿಯುವುದು ಆ ಸಾಲೇ. ಆ ಮಾತಿಗೆ ಸೋಮವಾರದ ಮೀಟಿಂಗ್ ಇದ್ದೇ ಇದೆ.

ಪತ್ರ ಅದೇ ದಿನ, ತಪ್ಪಿದರೆ ಮರುದಿನ ಹೋಗಬೇಕು. ಅಷ್ಟು ಬೇಗ ಬರೆಯುವಾಗ ಫಲಿತಾಂಶದ ಬಗ್ಗೆ ಕೈ ಬಿಗಿಹಿಡಿಯುವುದು ಲೇಸು. ಆ್ಯಪುಗಳನ್ನು ಮೊದಲು ನೂರಕ್ಕೆ ಐದೋ ಹತ್ತೋ ಬಳಕೆದಾರರಿಗೆ ಬಿಟ್ಟು, ತೊಂದರೆ ಕಾಣದಿದ್ದರೆ ಉಳಿದವರಿಗೆ ಕೊಡುವುದು ರೂಢಿ. ಆ ಹಂತದಲ್ಲೇ ‘ಭರ್ಜರಿ ಯಶಸ್ಸು’ ಎಂದು ಬರೆದು, ಮೂರನೇ ದಿನ ಆ್ಯಪ್ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿ ಬಂದರೆ ಹೊಗಳಿಕೆಯೇ ತಂಡದವರನ್ನು ಚುಚ್ಚುತ್ತದೆ. ‘ಇವತ್ತು ಮೊದಲ ಅಂಗಡಿಗಳಿಗೆ ತಲುಪಿತು’ ಎಂದು ಬರೆದರೆ ಆ ಮಾತು ಮೂರನೇ ದಿನವೂ ಸುಳ್ಳಾಗುವುದಿಲ್ಲ. ತಿಂಗಳಾದ ಮೇಲೆ ಅಂಗಡಿಯವರು ಏನಂದರು ಎಂಬುದನ್ನು ಸೇರಿಸಿ ಎರಡನೇ ಪತ್ರ ಬರೆಯಬಹುದು.